ಇನ್ನೊಂದು ಎಸೆತವೋ, ಇಲ್ಲಿಗೆ ಸಾಕೋ?

ದಾಳದ ಆಟಗಳಲ್ಲಿ ಎರಡು ಬಗೆಗಳಿವೆ. ಹಾವು-ಏಣಿಯಂಥ ಆಟದಲ್ಲಿ ಆಡುವವರು ತೀರ್ಮಾನಿಸಬೇಕಾದದ್ದು ಏನೂ ಇರುವುದಿಲ್ಲ. ಗರ ಎಷ್ಟು ಬಿತ್ತೋ ಅಷ್ಟು ಮನೆ ಕಾಯಿ ನಡೆಸಿದರೆ ಮುಗಿಯಿತು. ಇನ್ನೊಂದು ಬಗೆಯ ಆಟದಲ್ಲಿ ಪ್ರತಿ ಎಸೆತ ಆದ ಮೇಲೂ ಒಂದು ಪ್ರಶ್ನೆ ಎದುರಾಗುತ್ತದೆ. ಈ ಸರದಿಯಲ್ಲಿ ಕೂಡಿಬಂದದ್ದನ್ನು ಉಳಿಸಿಕೊಂಡು ದಾಳವನ್ನು ಮುಂದಿನವರಿಗೆ ಕೊಡಬಹುದು, ಇಲ್ಲವೇ ಇನ್ನಷ್ಟು ಗಳಿಸಲು ಮತ್ತೆ ಎಸೆಯಬಹುದು. ಮತ್ತೆ ಎಸೆದಾಗ ಗರ ಕೈಕೊಟ್ಟರೆ ಆ ಸರದಿಯಲ್ಲಿ ಗಳಿಸಿದ್ದೆಲ್ಲ ಹೋಗುತ್ತದೆ. ಹೀಗೆ ಅದೃಷ್ಟವನ್ನು ಎಷ್ಟು ದೂರ ಎಳೆಯಬೇಕು ಎಂಬುದೇ ತಿರುಳಾಗಿರುವ ಆಟಗಳಲ್ಲಿ, ಧೈರ್ಯವನ್ನು ಅಳೆಯಲು ಎರಡು ಸಾಧನಗಳಿವೆ. ಒಂದು, ದಾಳಗಳ ಮೊತ್ತ ಎಷ್ಟು ಸಲ ಬೀಳುತ್ತದೆ ಎಂಬ ಸಂಭವನೀಯತೆ. ಇನ್ನೊಂದು, ಲಾಭ-ನಷ್ಟಗಳನ್ನು ತೂಗಿ ಸರಾಸರಿ ಹೇಳುವ ನಿರೀಕ್ಷಿತ ಮೌಲ್ಯ.

ಈ ಎರಡೂ ಚೆನ್ನಾಗಿ ಕಾಣಸಿಗುವುದು ಅಮೆರಿಕದ ಸಿಡ್ ಸ್ಯಾಕ್ಸನ್ ರೂಪಿಸಿದ, 1980ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಹೊರತಂದ ‘ಕಾಂಟ್ ಸ್ಟಾಪ್’ ಎಂಬ ಆಟದಲ್ಲಿ. ‘ನಿಲ್ಲಿಸಲಾರೆ’ ಎಂಬುದು ಆ ಹೆಸರಿನ ಅರ್ಥ. ಅದರ ಲೆಕ್ಕಕ್ಕೆ ಹೋಗುವ ಮೊದಲು, ನಿರೀಕ್ಷಿತ ಮೌಲ್ಯವೆಂದರೆ ಏನೆಂಬುದನ್ನು ಒಂದೇ ದಾಳದ ಚಿಕ್ಕ ಆಟವೊಂದರಲ್ಲಿ ನೋಡಿಕೊಳ್ಳುವುದು ಸುಲಭ.

ಒಂದು ದಾಳದ ಲೆಕ್ಕ

‘ಪಿಗ್’ ಎಂಬ ಹಳೆಯ ಆಟದ ನಿಯಮ ಇಷ್ಟೇ. ದಾಳ ಎಸೆದಾಗ 2ರಿಂದ 6ರವರೆಗೆ ಯಾವುದು ಬಿದ್ದರೂ ಅಷ್ಟು ಅಂಕ ಸರದಿಯ ಮೊತ್ತಕ್ಕೆ ಸೇರುತ್ತದೆ. 1 ಬಿದ್ದರೆ ಸರದಿಯ ಮೊತ್ತವೆಲ್ಲ ಸೊನ್ನೆಯಾಗಿ ದಾಳ ಎದುರಾಳಿಯ ಕೈಗೆ ಹೋಗುತ್ತದೆ. ಮೊದಲು 100 ಅಂಕ ಮುಟ್ಟಿದವರು ಗೆದ್ದರು.

ದಾಳದ ಆರು ಮುಖಗಳೂ ಒಂದೊಂದು ಸಲ ಬೀಳುತ್ತವೆ ಎಂದು ಊಹಿಸಿಕೊಳ್ಳೋಣ. ಐದು ಮುಖಗಳು ತರುವ ಲಾಭ 2, 3, 4, 5, 6 ಸೇರಿ 20 ಅಂಕ. ಉಳಿದ ಒಂದು ಮುಖ ಕಳೆಯುವುದು, ಕೈಯಲ್ಲಿ ಆಗಲೇ ಎಷ್ಟಿದೆಯೋ ಅಷ್ಟನ್ನು. ಕೈಯಲ್ಲಿ 12 ಅಂಕ ಇದ್ದರೆ ಲಾಭದ ಕಡೆ 20, ನಷ್ಟದ ಕಡೆ 12. ಆದ್ದರಿಂದ ಎಸೆಯುವುದು ಒಳ್ಳೆಯದು. ಕೈಯಲ್ಲಿ 20 ಕೂಡಿದಾಗ ತಕ್ಕಡಿ ಸಮವಾಗುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಎಸೆತ ಸರಾಸರಿಯಲ್ಲಿ ನಷ್ಟವನ್ನೇ ತರುತ್ತದೆ. ‘20 ಆದಾಗ ನಿಲ್ಲು’ ಎಂಬ ಪಿಗ್ ಆಟದ ಸೂತ್ರ ಹುಟ್ಟಿದ್ದು ಹೀಗೆ.

ಈ ಲೆಕ್ಕದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಎಸೆತದ ಅಪಾಯ ಬದಲಾಗುವುದೇ ಇಲ್ಲ. 1 ಬೀಳುವ ಸಂಭವ ಯಾವಾಗಲೂ ಆರರಲ್ಲೊಂದು. ಬದಲಾಗುವುದು ಪಣಕ್ಕಿಟ್ಟ ಮೊತ್ತ. ‘ಇಷ್ಟು ಹೊತ್ತು 1 ಬಿದ್ದಿಲ್ಲ, ಇನ್ನು ಬಿದ್ದೇ ಬೀಳುತ್ತದೆ’ ಎಂದು ನಿಲ್ಲಿಸುವವರೂ, ‘ಇವತ್ತು ಕೈ ಒಳ್ಳೆಯದಿದೆ’ ಎಂದು ಮುಂದುವರಿಸುವವರೂ ಒಂದೇ ತಪ್ಪು ಮಾಡುತ್ತಾರೆ. ಹಿಂದಿನ ಎಸೆತಗಳ ನೆನಪು ದಾಳಕ್ಕೆ ಇರುವುದಿಲ್ಲ. ನಿಲ್ಲಿಸಲು ಸರಿಯಾದ ಕಾರಣ ಒಂದೇ: ಕಳೆದುಕೊಳ್ಳಬಹುದಾದದ್ದು ಈಗ ಗಳಿಸಬಹುದಾದದ್ದಕ್ಕಿಂತ ಹೆಚ್ಚು ತೂಗುತ್ತಿದೆ ಎಂಬುದು.

ನಾಲ್ಕು ದಾಳ, ಹನ್ನೊಂದು ಸಾಲು

ಕಾಂಟ್ ಸ್ಟಾಪ್ ಆಟದ ಹಲಗೆಯ ಮೇಲೆ 2ರಿಂದ 12ರವರೆಗೆ ಸಂಖ್ಯೆ ಬರೆದ ಹನ್ನೊಂದು ಸಾಲುಗಳು ಕೆಳಗಿನಿಂದ ಮೇಲಕ್ಕೆ ನಿಂತಿವೆ. ಎಲ್ಲ ಸಾಲುಗಳ ಉದ್ದ ಒಂದೇ ಅಲ್ಲ. 2 ಮತ್ತು 12ರ ಸಾಲುಗಳಲ್ಲಿ ಮೂರು ಮೂರೇ ಮನೆಗಳು. ಒಳಕ್ಕೆ ಬಂದಂತೆ ಎರಡೆರಡು ಮನೆ ಹೆಚ್ಚುತ್ತಾ 3 ಮತ್ತು 11ಕ್ಕೆ ಐದು, 4 ಮತ್ತು 10ಕ್ಕೆ ಏಳು, 5 ಮತ್ತು 9ಕ್ಕೆ ಒಂಬತ್ತು, 6 ಮತ್ತು 8ಕ್ಕೆ ಹನ್ನೊಂದು ಮನೆಗಳಾಗುತ್ತವೆ. ನಟ್ಟನಡುವಿನ 7ರ ಸಾಲಿಗೆ ಹದಿಮೂರು ಮನೆ. ಮೂರು ಸಾಲುಗಳ ತುದಿಯನ್ನು ಮೊದಲು ಮುಟ್ಟಿದವರು ಗೆದ್ದಂತೆ.

ಸರದಿ ಬಂದವರು ನಾಲ್ಕು ದಾಳ ಎಸೆದು, ಅವನ್ನು ತಮಗೆ ಬೇಕಾದಂತೆ ಎರಡು ಜೋಡಿ ಮಾಡುತ್ತಾರೆ. ಉದಾಹರಣೆಗೆ 2, 3, 4, 5 ಬಿದ್ದಿತೆನ್ನೋಣ. 2 ಮತ್ತು 4, 3 ಮತ್ತು 5 ಎಂದು ಜೋಡಿಸಿದರೆ ಮೊತ್ತ 6 ಮತ್ತು 8. 2 ಮತ್ತು 3, 4 ಮತ್ತು 5 ಎಂದರೆ 5 ಮತ್ತು 9. 2 ಮತ್ತು 5, 3 ಮತ್ತು 4 ಎಂದರೆ ಎರಡೂ 7. ಆರಿಸಿಕೊಂಡ ಮೊತ್ತಗಳ ಸಾಲಿನಲ್ಲಿ ಒಂದೊಂದು ಬಿಳಿ ಕಾಯಿ ಇಡಬೇಕು, ಅಥವಾ ಆಗಲೇ ಇಟ್ಟಿದ್ದರೆ ಒಂದು ಮನೆ ಏರಿಸಬೇಕು. ಎರಡೂ ಮೊತ್ತ ಒಂದೇ ಆದರೆ ಆ ಸಾಲಿನಲ್ಲಿ ಎರಡು ಮನೆ.

ಬಿಳಿ ಕಾಯಿಗಳಿರುವುದು ಮೂರೇ. ಮೂರನ್ನೂ ಮೂರು ಸಾಲಿನಲ್ಲಿ ಇಟ್ಟ ಮೇಲೆ ಆ ಸರದಿಯಲ್ಲಿ ಬೇರೆ ಸಾಲಿಗೆ ಹೋಗುವಂತಿಲ್ಲ. ಮುಂದಿನ ಎಸೆತದಲ್ಲಿ ಆ ಮೂರರ ಪೈಕಿ ಒಂದು ಮೊತ್ತವಾದರೂ ಬರಲೇಬೇಕು. ಬರದಿದ್ದರೆ ಬಿಳಿ ಕಾಯಿಗಳೆಲ್ಲ ಹಿಂದಕ್ಕೆ ಬರುತ್ತವೆ, ಸರದಿಯ ಗಳಿಕೆ ಸೊನ್ನೆ. ತಾವಾಗಿಯೇ ನಿಲ್ಲಿಸಿದರೆ ಬಿಳಿ ಕಾಯಿ ಇದ್ದ ಕಡೆ ತಮ್ಮ ಬಣ್ಣದ ಕಾಯಿ ಇಟ್ಟು ಗಳಿಕೆಯನ್ನು ಗಟ್ಟಿ ಮಾಡಿಕೊಳ್ಳಬಹುದು.

ಈ ನಿಯಮಗಳಿಂದ ಮೊದಲ ಪಾಠ ಲೆಕ್ಕವಿಲ್ಲದೆಯೇ ಸಿಗುತ್ತದೆ. ಕೈಯಲ್ಲಿ ಇನ್ನೂ ಒಂದು ಬಿಳಿ ಕಾಯಿ ಉಳಿದಿರುವವರೆಗೆ, ಯಾವ ಸಾಲೂ ಮುಚ್ಚಿಲ್ಲದಿದ್ದರೆ, ಎಸೆತ ಸೋಲಲು ಸಾಧ್ಯವೇ ಇಲ್ಲ. ಯಾವ ಮೊತ್ತ ಬಂದರೂ ಆ ಕಾಯಿಗೆ ಜಾಗವಿದೆ. ಆದ್ದರಿಂದ ಆಗ ನಿಲ್ಲಿಸುವುದಕ್ಕೆ ಅರ್ಥವಿಲ್ಲ. ಮೇಲಿನ ಎಸೆತದಲ್ಲಿ ಎರಡು 7 ಆರಿಸಿಕೊಂಡವರು ಒಂದೇ ಕಾಯಿ ಬಳಸಿ ಎರಡು ಕಾಯಿ ಉಳಿಸಿಕೊಳ್ಳುತ್ತಾರೆ, ಅಂದರೆ ಅಪಾಯವಿಲ್ಲದ ಎಸೆತಗಳನ್ನು ಕೊಂಡುಕೊಳ್ಳುತ್ತಾರೆ. ನಿಜವಾದ ಪ್ರಶ್ನೆ ಶುರುವಾಗುವುದು ಮೂರನೆಯ ಕಾಯಿ ಇಟ್ಟ ಮೇಲೆ.

36ರ ಪಟ್ಟಿ ಸಾಲದು

ಎರಡು ದಾಳಗಳ ಮೊತ್ತದ ಪಟ್ಟಿ ಶಾಲೆಯ ಗಣಿತದಲ್ಲೇ ಬರುತ್ತದೆ. ಒಂದು ದಾಳಕ್ಕೆ ಆರು, ಇನ್ನೊಂದಕ್ಕೆ ಆರು, ಒಟ್ಟು 36 ಫಲಿತಗಳು. ಕೆಂಪು ದಾಳದಲ್ಲಿ 3, ನೀಲಿಯಲ್ಲಿ 4 ಬೀಳುವುದು ಒಂದು ಫಲಿತ. ಕೆಂಪಿನಲ್ಲಿ 4, ನೀಲಿಯಲ್ಲಿ 3 ಬೀಳುವುದು ಬೇರೆಯೇ ಫಲಿತ. ಇವೆರಡನ್ನೂ ಒಂದೇ ಎಂದು ಎಣಿಸಿದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ. 36ರಲ್ಲಿ 2 ಬೀಳುವುದು ಒಂದು ಸಲ, 3 ಎರಡು ಸಲ, ಹೀಗೆ ಒಂದೊಂದೇ ಹೆಚ್ಚುತ್ತಾ 7 ಆರು ಸಲ. ಆಮೇಲೆ ಅದೇ ಕ್ರಮದಲ್ಲಿ ಇಳಿಯುತ್ತಾ 12 ಒಂದು ಸಲ.

ಈ ಪಟ್ಟಿಯನ್ನೇ ನಂಬಿ ಕಾಂಟ್ ಸ್ಟಾಪ್ ಆಡಿದರೆ ದಾರಿ ತಪ್ಪುತ್ತದೆ. ಅಲ್ಲಿ ಬೀಳುವುದು ನಾಲ್ಕು ದಾಳ. ಫಲಿತಗಳು 36 ಅಲ್ಲ, 6ನ್ನು ನಾಲ್ಕು ಸಲ ಗುಣಿಸಿದಾಗ ಬರುವ 1296. ನಾಲ್ಕು ದಾಳದಲ್ಲಿ ಯಾವುದೇ ಎರಡನ್ನು ಜೋಡಿಸುವ ಸ್ವಾತಂತ್ರ್ಯ ಇರುವುದರಿಂದ ಪ್ರತಿ ಮೊತ್ತವೂ ಹೆಚ್ಚು ಸಲ ಕೈಗೆ ಸಿಗುತ್ತದೆ. 1296 ಫಲಿತಗಳಲ್ಲಿ 834ರಲ್ಲಿ 7 ಮಾಡಿಕೊಳ್ಳಬಹುದು, ಅಂದರೆ ಶೇ. 64. ಎರಡೇ ದಾಳದಲ್ಲಿ ಅದು ಶೇ. 17ರಷ್ಟಿತ್ತು. 6 ಅಥವಾ 8 ಸಿಗುವುದು ಶೇ. 56 ಎಸೆತಗಳಲ್ಲಿ, 5 ಅಥವಾ 9 ಶೇ. 45ರಲ್ಲಿ, 4 ಅಥವಾ 10 ಶೇ. 36ರಲ್ಲಿ, 3 ಅಥವಾ 11 ಶೇ. 23ರಲ್ಲಿ, 2 ಅಥವಾ 12 ಶೇ. 13ರಲ್ಲಿ.

ಸಾಲುಗಳ ಉದ್ದದ ಗುಟ್ಟು ಇಲ್ಲಿ ಬಿಡಿಸಿಕೊಳ್ಳುತ್ತದೆ. 7ರ ಸಾಲಿಗೆ ಹದಿಮೂರು ಮನೆ, 2ರ ಸಾಲಿಗೆ ಮೂರೇ ಮನೆ ಎಂಬ ಹಂಚಿಕೆ ನ್ಯಾಯವೇ? ಎರಡು ದಾಳದ ಪಟ್ಟಿಯ ಪ್ರಕಾರ 2ರ ಸಾಲು ಹತ್ತಲು ಸರಾಸರಿ 108 ಎಸೆತ ಬೇಕು, 7ರ ಸಾಲಿಗೆ 78. ಹಾಗೆ ನೋಡಿದರೆ ಅಂಚಿನ ಸಾಲುಗಳಿಗೆ ಅನ್ಯಾಯವಾಗಿದೆ. ನಾಲ್ಕು ದಾಳದ ಲೆಕ್ಕ ಬೇರೆಯದನ್ನೇ ತೋರಿಸುತ್ತದೆ. ಮನೆಗಳ ಸಂಖ್ಯೆಯನ್ನು ಆ ಮೊತ್ತ ಸಿಗುವ ಸಂಭವದಿಂದ ಭಾಗಿಸಿದರೆ, ಒಂದೇ ಎಸೆತದಲ್ಲಿ ಎರಡು ಮನೆ ಏರುವ ಅವಕಾಶವನ್ನು ಬದಿಗಿಟ್ಟು, 7ಕ್ಕೆ ಸುಮಾರು 20 ಎಸೆತ. 6ಕ್ಕೂ 5ಕ್ಕೂ 4ಕ್ಕೂ ಸುಮಾರು 20. 3ಕ್ಕೆ 21ರ ಮೇಲೆ ಸ್ವಲ್ಪ, 2ಕ್ಕೆ 23ರ ಹತ್ತಿರ. ಅಂಚಿನಲ್ಲಿ ಮಾತ್ರ ಸ್ವಲ್ಪ ಬಿಗಿ, ಉಳಿದೆಡೆ ಹೆಚ್ಚುಕಡಿಮೆ ಸಮ. ಆಟ ರೂಪಿಸುವವರು ಅಪಾಯವನ್ನು ಹದಗೊಳಿಸುವುದು ಹೀಗೆ: ಅಪರೂಪದ ಮೊತ್ತಕ್ಕೆ ಗುರಿ ಹತ್ತಿರ, ಸುಲಭದ ಮೊತ್ತಕ್ಕೆ ಗುರಿ ದೂರ.

ಆದರೂ 7ರ ಸಾಲು ಮತ್ತು 2ರ ಸಾಲು ಆಡುವವರಿಗೆ ಒಂದೇ ಅಲ್ಲ. ಒಟ್ಟು ಎಸೆತಗಳ ಸರಾಸರಿ ಸಮ ಇದ್ದರೂ, ಒಂದು ಸರದಿಯಲ್ಲಿ ಎಷ್ಟು ಹೊತ್ತು ಉಳಿದುಕೊಳ್ಳಬಹುದು ಎಂಬುದು ಬೇರೆ ವಿಷಯ. ಅದನ್ನು ತೀರ್ಮಾನಿಸುವುದು ಒಂದು ಸಾಲಲ್ಲ, ಬಿಳಿ ಕಾಯಿಗಳು ನಿಂತ ಮೂರು ಸಾಲುಗಳು ಒಟ್ಟಾಗಿ.

ಮೂರು ಸಾಲು ಸೇರಿದಾಗ

6, 7, 8ರ ಸಾಲುಗಳಲ್ಲಿ ಕಾಯಿ ನಿಂತಿವೆ ಎನ್ನೋಣ. ಈ ಮೂರರಲ್ಲಿ ಒಂದೂ ಬಾರದ ಎಸೆತಗಳು ಎಷ್ಟು? ಇದನ್ನು ಕಾಗದದ ಮೇಲೆ ಎಣಿಸಿಯೇ ನೋಡಬಹುದು. ಎಲ್ಲ ದಾಳದಲ್ಲೂ 1 ಅಥವಾ 2 ಬಿದ್ದರೆ ಎರಡು ದಾಳದ ಮೊತ್ತ 4ನ್ನು ದಾಟದು. ಅಂಥ ಫಲಿತಗಳು 16. ಮೂರು ದಾಳ 1 ಅಥವಾ 2 ಆಗಿ, ಉಳಿದ ಒಂದು 3 ಆದರೂ ಮೊತ್ತ 5ರ ಒಳಗೇ ಇರುತ್ತದೆ. ಅವು 32. ಮೂರು 1 ಮತ್ತು ಒಂದು 4 ಬಿದ್ದ ಫಲಿತಗಳು 4. ಒಟ್ಟು 52. ದಾಳದ ಇನ್ನೊಂದು ತುದಿಯಲ್ಲೂ ಇದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ಇದೆ. ಎಲ್ಲವೂ 5 ಅಥವಾ 6, ಅಥವಾ ಮೂರು ಹಾಗಿದ್ದು ಒಂದು 4, ಅಥವಾ ಮೂರು 6 ಮತ್ತು ಒಂದು 3. ಅವೂ 52. ಹಾಗಾಗಿ ಸೋಲುವ ಫಲಿತಗಳು 104, ಗೆಲ್ಲುವವು 1192. ಎಸೆತ ಉಳಿಯುವ ಸಂಭವ ಶೇ. 92. ಎಲ್ಲ ಮೂರು ಸಾಲುಗಳ ಜೋಡಣೆಗಳಲ್ಲಿ ಇದೇ ಅತಿ ಸುರಕ್ಷಿತ.

ಇದಕ್ಕೆ ಎದುರು 2, 3, 12. ಈ ಮೂರರಲ್ಲಿ ಒಂದಾದರೂ ಬರುವುದು 568 ಫಲಿತಗಳಲ್ಲಿ, ಅಂದರೆ ಶೇ. 44. ಅರ್ಧಕ್ಕಿಂತ ಹೆಚ್ಚು ಎಸೆತಗಳು ಸೋಲುತ್ತವೆ.

ಈ ಎರಡು ತುದಿಗಳನ್ನು ಯಾರಾದರೂ ಊಹಿಸಬಹುದು. ಊಹೆ ಕೈಕೊಡುವುದು ನಡುವಿನಲ್ಲಿ. ಒಬ್ಬರ ಕಾಯಿಗಳು 4, 6, 8ರಲ್ಲಿವೆ, ಇನ್ನೊಬ್ಬರ ಕಾಯಿಗಳು 5, 7, 9ರಲ್ಲಿವೆ. ಯಾರು ಹೆಚ್ಚು ಸುರಕ್ಷಿತ? ಎರಡು ದಾಳದ ಪಟ್ಟಿಯಲ್ಲಿ 4, 6, 8ಕ್ಕೆ 3, 5, 5 ಸೇರಿ 13 ಫಲಿತಗಳು. 5, 7, 9ಕ್ಕೆ 4, 6, 4 ಸೇರಿ 14. ಆ ಪಟ್ಟಿಯನ್ನು ನಂಬಿದವರು 5, 7, 9 ಮೇಲು ಎನ್ನುತ್ತಾರೆ. ನಾಲ್ಕು ದಾಳದಲ್ಲಿ ಎಣಿಸಿದಾಗ 4, 6, 8 ಉಳಿಯುವುದು 1181 ಫಲಿತಗಳಲ್ಲಿ, ಶೇ. 91. 5, 7, 9 ಉಳಿಯುವುದು 1106ರಲ್ಲಿ, ಶೇ. 85. ಉತ್ತರ ತಲೆಕೆಳಗಾಗುತ್ತದೆ.

ಕಾರಣ ಸಮ-ಬೆಸದಲ್ಲಿದೆ. ಎರಡು ಸಮ ಸಂಖ್ಯೆ ಕೂಡಿದರೂ, ಎರಡು ಬೆಸ ಸಂಖ್ಯೆ ಕೂಡಿದರೂ ಬರುವುದು ಸಮ ಮೊತ್ತ. ನಾಲ್ಕು ದಾಳದಲ್ಲಿ ಕನಿಷ್ಠ ಎರಡು ಒಂದೇ ಬಗೆಯವು ಆಗಲೇಬೇಕು. ಹೀಗಾಗಿ ನಾಲ್ಕು ದಾಳ ಎಸೆದಾಗ ಒಂದು ಸಮ ಮೊತ್ತ ಸಿಗದೇ ಇರಲು ಸಾಧ್ಯವಿಲ್ಲ. ಬೆಸ ಮೊತ್ತಕ್ಕೆ ಈ ಭರವಸೆ ಇಲ್ಲ. ನಾಲ್ಕೂ ಸಮ ಬಿದ್ದರೆ, ಅಥವಾ ನಾಲ್ಕೂ ಬೆಸ ಬಿದ್ದರೆ, ಒಂದು ಬೆಸ ಮೊತ್ತವೂ ಸಿಗದು. ಹಾಗಾಗುವುದು ಎಂಟರಲ್ಲಿ ಒಂದು ಸಲ. 5, 7, 9ರಲ್ಲಿ ನಿಂತವರ ಮೇಲೆ ಈ ಶೇ. 12.5ರ ತೂಗುಕತ್ತಿ ಯಾವಾಗಲೂ ಇರುತ್ತದೆ.

ಇನ್ನೊಂದು ಬಲೆ, ಮೂರೂ ಸಾಲು ಒಂದೇ ಪಕ್ಕದಲ್ಲಿರುವುದು. 4, 5, 6 ಮತ್ತು 4, 6, 9 ಎಂಬ ಎರಡು ಜೋಡಣೆಗಳಿಗೆ ಎರಡು ದಾಳದ ಪಟ್ಟಿಯಲ್ಲಿ ಸಮನಾದ ತೂಕ, ತಲಾ 12. ನಾಲ್ಕು ದಾಳದಲ್ಲಿ ಮೊದಲನೆಯದು ಶೇ. 80ರಷ್ಟು ಸಲ ಮಾತ್ರ ಉಳಿಯುತ್ತದೆ, ಎರಡನೆಯದು ಶೇ. 86. ಮೂರೂ ಕಾಯಿ ಚಿಕ್ಕ ಮೊತ್ತಗಳಲ್ಲೇ ಇದ್ದಾಗ ದೊಡ್ಡ ಸಂಖ್ಯೆಗಳು ತುಂಬಿದ ಒಂದು ಎಸೆತ ಮೂರನ್ನೂ ಒಟ್ಟಿಗೆ ಕೆಡವುತ್ತದೆ. ಒಂದು ಕಾಯಿ ಆಚೆ ಪಕ್ಕದಲ್ಲಿದ್ದರೆ ಅಂಥ ಎಸೆತಕ್ಕೂ ಒಂದು ಊರುಗೋಲು ಇರುತ್ತದೆ.

ನಿಲ್ಲಿಸುವ ಗೆರೆ

ಸಂಭವನೀಯತೆ ಹೇಳುವುದು ಎಸೆತ ಉಳಿಯುತ್ತದೆಯೇ ಎಂಬುದನ್ನು ಮಾತ್ರ. ಶೇ. 92 ಸುರಕ್ಷಿತ ಎಂದಾಕ್ಷಣ ಎಸೆಯುತ್ತಲೇ ಇರಬಹುದೇ? ಶೇ. 92ರ ಎಸೆತವನ್ನು ಎಂಟು ಸಲ ಮಾಡಿದರೆ ಎಂಟೂ ಉಳಿಯುವ ಸಂಭವ ಶೇ. 51ಕ್ಕೆ ಇಳಿದಿರುತ್ತದೆ. ಹಾಗೆಂದು ಎಂಟಕ್ಕೆ ನಿಲ್ಲಬೇಕೆಂದೂ ಇದರಿಂದ ಹೇಳಲಾಗದು. ಉತ್ತರ ಕೊಡುವುದು ನಿರೀಕ್ಷಿತ ಮೌಲ್ಯ, ಪಿಗ್ ಆಟದಲ್ಲಿ ಕೊಟ್ಟ ಹಾಗೆಯೇ.

6, 7, 8ರ ಲೆಕ್ಕವನ್ನೇ ಮುಂದುವರಿಸೋಣ. ಗೆಲ್ಲುವ 1192 ಫಲಿತಗಳಲ್ಲಿ 516 ಫಲಿತಗಳು ಎರಡು ಜೋಡಿಯನ್ನೂ ಈ ಸಾಲುಗಳಿಗೇ ತರುತ್ತವೆ. ಅಂದರೆ ಎರಡು ಮನೆ ಲಾಭ. ಉಳಿದ 676ರಲ್ಲಿ ಒಂದೇ ಮನೆ. ಎಲ್ಲ 1296 ಫಲಿತಗಳೂ ಒಂದೊಂದು ಸಲ ಬಿದ್ದರೆ ಒಟ್ಟು ಲಾಭ 1032 ಮತ್ತು 676 ಸೇರಿ 1708 ಮನೆ. ಅದೇ ಹೊತ್ತಿನಲ್ಲಿ 104 ಸಲ ಸರದಿಯ ಗಳಿಕೆ ಪೂರ್ತಿ ಹೋಗುತ್ತದೆ. ಸರದಿಯಲ್ಲಿ ಗಳಿಸಿ ಇನ್ನೂ ಗಟ್ಟಿಯಾಗದ ಮನೆಗಳು 10 ಇದ್ದರೆ ನಷ್ಟ 1040, ಲಾಭ 1708. ಎಸೆಯಬೇಕು. 16 ಮನೆ ಇದ್ದರೆ ನಷ್ಟ 1664, ಲಾಭವೇ ಕೂದಲೆಳೆಯಷ್ಟು ಮೇಲು. 17 ಆದರೆ ನಷ್ಟ 1768ಕ್ಕೆ ಏರಿ ಲಾಭವನ್ನು ದಾಟುತ್ತದೆ. ನಿಲ್ಲಿಸುವ ಗೆರೆ ಅಲ್ಲಿದೆ.

ಒಂದು ಸರದಿಯನ್ನು ಹಿಂಬಾಲಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮೊದಲ ಎಸೆತ 2, 3, 4, 5. ಆಡುವವರು 6 ಮತ್ತು 8 ಆರಿಸಿಕೊಂಡರು. ಎರಡನೆಯ ಎಸೆತ 1, 3, 3, 6. ಅದನ್ನು 7 ಮತ್ತು 6 ಎಂದು ಜೋಡಿಸಿದರು. ಈಗ 6ರಲ್ಲಿ ಎರಡು ಮನೆ, 7ರಲ್ಲಿ ಒಂದು, 8ರಲ್ಲಿ ಒಂದು, ಒಟ್ಟು ನಾಲ್ಕು. ಮುಂದಿನ ಎಸೆತದ ಸರಾಸರಿ ಲಾಭ 1.3 ಮನೆ, ಸರಾಸರಿ ನಷ್ಟ 0.3 ಮನೆ. ಇಲ್ಲಿ ಹೆದರಿ ನಿಲ್ಲಿಸುವುದು ದೊಡ್ಡ ನಷ್ಟ. ಹೊಸಬರು ಮಾಡುವ ತಪ್ಪು ಬಹುಮಟ್ಟಿಗೆ ಇದೇ: ಒಳ್ಳೆಯ ಸಾಲುಗಳಲ್ಲಿ ಬೇಗ ನಿಲ್ಲಿಸುವುದು, ಕೆಟ್ಟ ಸಾಲುಗಳಲ್ಲಿ ‘ಇನ್ನೊಂದೇ ಒಂದು’ ಎಂದು ಎಸೆಯುವುದು.

ಕೆಟ್ಟ ಸಾಲುಗಳೆಂದರೆ 2, 3, 12. ಅಲ್ಲಿ ಗೆಲ್ಲುವ 568 ಫಲಿತಗಳಲ್ಲಿ ಎರಡು ಮನೆ ತರುವವು 30 ಮಾತ್ರ. ಒಟ್ಟು ಲಾಭ 598 ಮನೆ. ಸೋಲು 728 ಸಲ. ಒಂದೇ ಒಂದು ಮನೆ ಪಣಕ್ಕಿದ್ದರೂ ನಷ್ಟವೇ ಹೆಚ್ಚು. ಮೂರು ಕಾಯಿ ಇಟ್ಟಾಗಲೇ ಮೂರು ಮನೆ ಗಳಿಸಿಯಾಗಿರುವುದರಿಂದ, ಈ ಸಾಲುಗಳಲ್ಲಿ ಮೂರನೆಯ ಕಾಯಿ ನೆಲೆ ನಿಂತ ಕ್ಷಣವೇ ಸರದಿ ಮುಗಿಸಬೇಕು.

ತಲೆಯಲ್ಲೇ ಮಾಡುವ ಲೆಕ್ಕ: 28ರ ಸೂತ್ರ

ಆಡುತ್ತಾ ಕುಳಿತವರು 1296 ಫಲಿತಗಳನ್ನು ಎಣಿಸಲಾರರು. ಮೂರು ಸಾಲುಗಳ ಜೋಡಣೆಗಳೇ 165 ಇವೆ. ಜೊತೆಗೆ ಮನೆಗಳನ್ನು ಬರಿದೇ ಎಣಿಸುವುದೂ ಎಲ್ಲ ಕಡೆ ಸರಿಹೋಗದು. 6, 7, 8ರಲ್ಲಿ ಮನೆಗಳ ಬೆಲೆ ಹೆಚ್ಚುಕಡಿಮೆ ಒಂದೇ. ಆದರೆ 2ರ ಸಾಲಿನ ಒಂದು ಮನೆ ಎಂದರೆ ಆ ಸಾಲಿನ ಮೂರನೆಯ ಒಂದು ಭಾಗ, 7ರ ಒಂದು ಮನೆ ಎಂದರೆ ಹದಿಮೂರನೆಯ ಒಂದು ಭಾಗ. ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದರೆ ಅಂಕ ಬೇರೆ ಬೇರೆ ಕೊಡಬೇಕು.

ಮೈಕೆಲ್ ಕೆಲರ್ ಎಂಬ ಆಟಗಳ ಲೇಖಕರು 1980ರ ದಶಕದಲ್ಲಿ ಇದಕ್ಕೊಂದು ಸುಲಭ ದಾರಿ ಕೊಟ್ಟರು. ಅದು ‘28ರ ಸೂತ್ರ’ ಎಂದು ಹೆಸರಾಗಿದೆ. 7ರ ಸಾಲಿನ ಪ್ರತಿ ಮನೆಗೆ 1 ಅಂಕ. 6 ಮತ್ತು 8ಕ್ಕೆ 2, 5 ಮತ್ತು 9ಕ್ಕೆ 3, 4 ಮತ್ತು 10ಕ್ಕೆ 4, 3 ಮತ್ತು 11ಕ್ಕೆ 5, 2 ಮತ್ತು 12ಕ್ಕೆ 6. ಸರದಿಯಲ್ಲಿ ಒಂದು ಸಾಲಿಗೆ ಮೊದಲ ಸಲ ಕಾಯಿ ಇಟ್ಟಾಗ ಆ ಅಂಕ ಎರಡರಷ್ಟು. ಮೂರೂ ಸಾಲು ಬೆಸವಾಗಿದ್ದರೆ 2 ಅಂಕ ಕೂಡಿಸಬೇಕು, ಮೂರೂ ಸಮವಾಗಿದ್ದರೆ 2 ಕಳೆಯಬೇಕು. ಮೂರೂ 8ಕ್ಕಿಂತ ಕಡಿಮೆ ಅಥವಾ ಮೂರೂ 6ಕ್ಕಿಂತ ಹೆಚ್ಚಿನ ಸಾಲುಗಳಾಗಿದ್ದರೆ 4 ಕೂಡಿಸಬೇಕು. ಒಟ್ಟು 28 ಮುಟ್ಟಿದಾಗ ನಿಲ್ಲಿಸಬೇಕು.

ಈ ಅಂಕಗಳು ಎರಡು ಕೆಲಸ ಒಟ್ಟಿಗೆ ಮಾಡುತ್ತವೆ. ಗಳಿಸಿದ್ದು ಎಷ್ಟು ಬೆಲೆಯದು ಎಂಬುದೂ, ಮುಂದಿನ ಎಸೆತ ಎಷ್ಟು ಅಪಾಯದ್ದು ಎಂಬುದೂ ಒಂದೇ ಸಂಖ್ಯೆಯಲ್ಲಿ ಸೇರಿಕೊಂಡಿವೆ. ಮೇಲೆ ಎಣಿಸಿದ ಜೋಡಣೆಗಳ ಮೇಲೆ ಇದನ್ನು ಪರೀಕ್ಷಿಸಬಹುದು. 2, 3, 12ರಲ್ಲಿ ಕಾಯಿ ಇಟ್ಟಕೂಡಲೇ 12, 10, 12 ಸೇರಿ 34. ಅದು 28ನ್ನು ದಾಟಿರುವುದರಿಂದ ತಕ್ಷಣ ನಿಲ್ಲಿಸು ಎನ್ನುತ್ತದೆ ಸೂತ್ರ. 6, 7, 8ರಲ್ಲಿ ಕಾಯಿ ಇಟ್ಟಾಗ 4, 2, 4 ಸೇರಿ 10. ಇನ್ನು 18 ಅಂಕಕ್ಕೆ ಜಾಗವಿದೆ. ಅದು ಸುಮಾರು ಹನ್ನೊಂದು ಮನೆ, ಮೊದಲಿನ ಮೂರೂ ಸೇರಿ ಹದಿನಾಲ್ಕು. ಪೂರ್ತಿ ಎಣಿಕೆ ಕೊಟ್ಟ ಗೆರೆಗಿಂತ ಎರಡು ಮೂರು ಮನೆ ಹಿಂದೆ, ಅಷ್ಟೆ.

ಸಮ-ಬೆಸದ ತಿದ್ದುಪಡಿಯೂ ಸರಿಯಾದ ಜಾಗದಲ್ಲಿ ಕೆಲಸ ಮಾಡುತ್ತದೆ. ತಿದ್ದುಪಡಿ ಇಲ್ಲದಿದ್ದರೆ 4, 6, 8ಕ್ಕೆ 16 ಅಂಕ, 5, 7, 9ಕ್ಕೆ 14 ಅಂಕ ಬಂದು, ಎರಡು ದಾಳದ ಪಟ್ಟಿ ಮಾಡಿದ ತಪ್ಪೇ ಮರುಕಳಿಸುತ್ತಿತ್ತು. ತಿದ್ದಿದ ಮೇಲೆ ಮೊದಲನೆಯದು 14ಕ್ಕೆ ಇಳಿದು ಎರಡನೆಯದು 16ಕ್ಕೆ ಏರುತ್ತದೆ. ಹಾಗೆಯೇ 4, 5, 6 ಮತ್ತು 4, 6, 9 ಎರಡಕ್ಕೂ ಮೊದಲು 18 ಅಂಕ. ಒಂದೇ ಪಕ್ಕದ ದಂಡ ಸೇರಿದಾಗ 4, 5, 6 ಮಾತ್ರ 22 ಆಗುತ್ತದೆ. 1296 ಫಲಿತಗಳು ಹೇಳಿದ್ದನ್ನೇ ಈ ಚಿಕ್ಕ ಅಂಕಗಳು ಹೇಳುತ್ತವೆ.

ಗೆರೆ ಜರುಗುವ ಸಂದರ್ಭಗಳು

ಈ ಲೆಕ್ಕಗಳಿಗೆ ಎರಡು ಮಿತಿಗಳಿವೆ. ಮೊದಲನೆಯದು ಮುಚ್ಚಿದ ಸಾಲುಗಳದು. ಒಂದು ಸಾಲಿನ ತುದಿಯನ್ನು ಯಾರಾದರೂ ಗೆದ್ದ ಮೇಲೆ ಆ ಸಾಲು ಯಾರಿಗೂ ಸಿಗುವುದಿಲ್ಲ. ಸರದಿಯ ನಡುವೆ ಬಿಳಿ ಕಾಯಿ ತುದಿ ಮುಟ್ಟಿದರೂ ಆ ಮೊತ್ತ ಇನ್ನು ಉಪಯೋಗಕ್ಕೆ ಬಾರದು. 6, 7, 8ರಲ್ಲಿ ಆಡುತ್ತಿರುವವರು 7ರ ತುದಿ ಮುಟ್ಟಿದರೆನ್ನೋಣ. ಉಳಿದದ್ದು 6 ಮತ್ತು 8 ಮಾತ್ರ. ಸೋಲುವ ಫಲಿತಗಳು 104ರಿಂದ 228ಕ್ಕೆ ಏರುತ್ತವೆ, ಎಸೆತ ಉಳಿಯುವ ಸಂಭವ ಶೇ. 92ರಿಂದ ಶೇ. 82ಕ್ಕೆ ಇಳಿಯುತ್ತದೆ. ಅಪಾಯ ಎರಡು ಪಟ್ಟಿಗಿಂತ ಹೆಚ್ಚಾಯಿತು, ಪಣಕ್ಕಿಟ್ಟದ್ದೂ ಒಂದು ಪೂರ್ತಿ ಸಾಲು. ಅಲ್ಲಿ ನಿಲ್ಲಿಸುವುದೇ ಸರಿ. ಆಟದ ಕೊನೆಯಲ್ಲಿ ಹಲವು ಸಾಲುಗಳು ಮುಚ್ಚಿರುವಾಗ, ಕೈಯಲ್ಲಿ ಬಿಳಿ ಕಾಯಿ ಉಳಿದಿದ್ದರೂ ಎಸೆತ ಸೋಲಬಹುದು. ಆಗ 28ರ ಗೆರೆಯನ್ನು ಕೆಳಕ್ಕೆ ಎಳೆದುಕೊಳ್ಳಬೇಕು.

ಎರಡನೆಯ ಮಿತಿ ಇದಕ್ಕಿಂತ ಆಳವಾದದ್ದು. ನಿರೀಕ್ಷಿತ ಮೌಲ್ಯ ಇಲ್ಲಿ ಅಳೆದದ್ದು ಮನೆಗಳನ್ನು, ಗೆಲುವನ್ನಲ್ಲ. ಆಟದ ಆರಂಭದಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಕೊನೆಗೆ ಬಂದಂತೆ ವ್ಯತ್ಯಾಸ ದೊಡ್ಡದಾಗುತ್ತದೆ. ಎದುರಾಳಿ ಎರಡು ಸಾಲು ಗೆದ್ದು, ಮೂರನೆಯದರಲ್ಲಿ ತುದಿಗೆ ಒಂದೇ ಮನೆ ದೂರದಲ್ಲಿದ್ದಾರೆ ಎನ್ನೋಣ. ಈಗ ನಿಲ್ಲಿಸಿ ಗಟ್ಟಿ ಮಾಡಿಕೊಂಡ ಮನೆಗಳು ಅವರು ಮುಂದಿನ ಸರದಿಯಲ್ಲಿ ಗೆದ್ದರೆ ಯಾವ ಉಪಯೋಗಕ್ಕೂ ಬಾರವು. 6, 7, 8ರಲ್ಲಿ ನಿಂತು, ಇನ್ನು ಐದು ಎಸೆತ ಉಳಿದರೆ ಗೆಲುವು ಎಂಬ ಸ್ಥಿತಿಯಿದ್ದರೆ, ಐದೂ ಉಳಿಯುವ ಸಂಭವ ಶೇ. 66. 28ರ ಸೂತ್ರ ನಿಲ್ಲಿಸು ಎಂದರೂ ಇಲ್ಲಿ ಎಸೆಯುವುದೇ ಜಾಣತನ. ತದ್ವಿರುದ್ಧವಾಗಿ, ತಾವೇ ಬಹಳ ಮುಂದಿದ್ದು ಎದುರಾಳಿ ಹಿಂದೆ ಉಳಿದಿದ್ದರೆ, ಗೆರೆಗಿಂತ ಮೊದಲೇ ನಿಲ್ಲಿಸಿ ಮುನ್ನಡೆಯನ್ನು ಕಾಪಾಡಿಕೊಳ್ಳಬಹುದು.

ಪಿಗ್ ಆಟಕ್ಕೂ ಇದೇ ಮಾತು ಸಲ್ಲುತ್ತದೆ. ಅಮೆರಿಕದ ಗೆಟ್ಟಿಸ್‌ಬರ್ಗ್ ಕಾಲೇಜಿನ ಟಾಡ್ ನೆಲ್ಲರ್ ಮತ್ತು ಕ್ಲಿಫ್ಟನ್ ಪ್ರೆಸ್ಸರ್ 2004ರಲ್ಲಿ ಆ ಆಟದ ಪ್ರತಿ ಸ್ಥಿತಿಗೂ ಗೆಲುವಿನ ಸಂಭವವನ್ನು ಕಂಪ್ಯೂಟರಿನಿಂದ ಲೆಕ್ಕ ಹಾಕಿ ತೋರಿಸಿದರು. ‘20ಕ್ಕೆ ನಿಲ್ಲು’ ಎಂಬುದು ಒಳ್ಳೆಯ ಸೂತ್ರವೇ ಹೌದು, ಆದರೆ ಅತ್ಯುತ್ತಮವಲ್ಲ. ನಿಲ್ಲಿಸುವ ಅಂಕ ತನ್ನ ಮೊತ್ತ, ಎದುರಾಳಿಯ ಮೊತ್ತ ಎರಡನ್ನೂ ನೋಡಿಕೊಂಡು ಬದಲಾಗಬೇಕು. ಒಂದೇ ದಾಳದ, ಎರಡೇ ಆಯ್ಕೆಯ ಆಟದಲ್ಲೇ ಹೀಗಿರುವಾಗ, ಜೋಡಿ ಆರಿಸುವ ಸ್ವಾತಂತ್ರ್ಯವೂ ಹನ್ನೊಂದು ಸಾಲುಗಳೂ ಇರುವ ಕಾಂಟ್ ಸ್ಟಾಪ್‌ನಲ್ಲಿ ಒಂದು ಸಂಖ್ಯೆ ಎಲ್ಲ ಸಂದರ್ಭಕ್ಕೂ ಉತ್ತರವಾಗಲಾರದು. 28 ಎಂಬುದು ಆಟದ ಬಹುಪಾಲು ದಾರಿಗೆ ಸಾಕಾಗುವ ಗೆರೆ. ಕೊನೆಯ ಕೆಲವು ಸರದಿಗಳಲ್ಲಿ ಮಾತ್ರ, ಗಳಿಸಿದ ಮನೆಗಳನ್ನು ಬಿಟ್ಟು, ಇಲ್ಲಿಂದ ಗೆಲ್ಲುವ ಸಂಭವ ನಿಂತರೆ ಎಷ್ಟು, ಎಸೆದರೆ ಎಷ್ಟು ಎಂದು ಹೋಲಿಸಿ ತೀರ್ಮಾನಿಸಬೇಕಾಗುತ್ತದೆ.